90% ಗೆಲುವು, ಆದ್ರೂ ಅಕೌಂಟ್ ಮೈನಸ್: ಒಂದು ಪುಟ್ ಸ್ಪ್ರೆಡ್ ಲಾಗ್ ಬಿಚ್ಚಿ ನೋಡಿದಾಗ

ಪರಿಚಯದವರೊಬ್ರು ಆಪ್ಶನ್ ಸೆಲ್ಲಿಂಗ್ ಮಾಡ್ತಾರೆ. ಅವ್ರ ಪ್ರಶ್ನೆ ಇಷ್ಟೇ, "ನೂರಕ್ಕೆ ತೊಂಬತ್ಮೂರು ಸಲ ಗೆಲ್ತಿದೀನಿ, ಆದ್ರೂ ಅಕೌಂಟ್ ಇಳೀತಾನೇ ಇದೆ, ಎಲ್ಲಿ ಸೋರ್ತಿದೆ ನೋಡಿ ಹೇಳ್ತೀರಾ" ಅಂತ. ಟ್ರೇಡ್ ಶೀಟು, ಬ್ರೋಕರ್ ಸ್ಟೇಟ್‌ಮೆಂಟು ಎರಡನ್ನೂ ಕೊಟ್ರು. ಪ್ರೀಮಿಯಂ ಮಾರೋರಲ್ಲಿ ತುಂಬಾ ಜನಕ್ಕೆ ಇದೇ ಕಥೆ ಆಗೋದ್ರಿಂದ, ಅವ್ರ ಒಪ್ಪಿಗೆ ತಗೊಂಡು ಪೂರ್ತಿ ಲೆಕ್ಕ ಇಲ್ಲಿ ಇಡ್ತಿದೀನಿ. ಗುರುತು ಸಿಗಬಾರ್ದು ಅಂತಾನೂ ಲೆಕ್ಕ ಸಲೀಸಾಗಿ ಓದಿಸ್ಕೊಂಡು ಹೋಗ್ಲಿ ಅಂತಾನೂ ಅಂಕಿಗಳನ್ನ ರೌಂಡ್ ಮಾಡಿದೀನಿ, ಇಂಡೆಕ್ಸ್ 10,000 ಅಂತ ಇಟ್ಕೊಂಡು ಎಲ್ಲಾನೂ ಪಾಯಿಂಟ್‌ಗಳಲ್ಲಿ ಬರ್ದಿದೀನಿ.

ಮೊದ್ಲು ಅವ್ರು ಏನು ಮಾಡ್ತಿದ್ರು ಅಂತ ನೋಡೋಣ. ಎಕ್ಸ್‌ಪೈರಿಗೆ ಒಂದು ವಾರ ಇರೋವಾಗ 9,800 ಪುಟ್ ಮಾರೋದು, 9,700 ಪುಟ್ ಕೊಳ್ಳೋದು. ಪುಟ್ ಅಂದ್ರೆ ಎಕ್ಸ್‌ಪೈರಿ ದಿನ ಮಾರ್ಕೆಟ್ ಆ ಮಟ್ಟಕ್ಕಿಂತ ಎಷ್ಟು ಕೆಳಗಿದ್ಯೋ ಅಷ್ಟು ದುಡ್ಡು ಕೊಂಡವ್ರಿಗೆ ಕೊಡೋ ಆಪ್ಶನ್, ಹೀಗೆ ಒಂದು ಮಾರಿ ಒಂದು ಕೊಂಡ ಜೋಡಿನೇ ಸ್ಪ್ರೆಡ್. ಮಾರಿದ್ದಕ್ಕೆ 28 ಪಾಯಿಂಟ್ ಬರುತ್ತೆ, ಕೊಂಡಿದ್ದಕ್ಕೆ 14 ಹೋಗುತ್ತೆ, ಕೈಗೆ ಉಳಿಯೋ ಕ್ರೆಡಿಟ್ 14. ಮಾರ್ಕೆಟ್ 9,800ರ ಮೇಲೇ ಉಳಿದ್ರೆ ಆ 14 ಪೂರ್ತಿ ನಮ್ದು, 9,700ರ ಕೆಳಗೆ ಹೋದ್ರೆ ಸ್ಪ್ರೆಡ್ ಬೆಲೆ 100 ಆಗುತ್ತೆ, ಅಂದ್ರೆ 86 ನಷ್ಟ. ಮಾರಿದ ಪುಟ್‌ನ ಡೆಲ್ಟಾ, ಅಂದ್ರೆ ಮಾರ್ಕೆಟ್ ಆ ಮಟ್ಟದ ಕೆಳಗೆ ಮುಗಿಯೋ ಸಾಧ್ಯತೆಯ ಒಂದು ಅಂದಾಜು, ಸುಮಾರು 0.20, ಹಾಗಾಗಿ ಎಕ್ಸ್‌ಪೈರಿ ತನಕ ಸುಮ್ನೆ ಕೂತ್ರೆ ಹತ್ತರಲ್ಲಿ ಎಂಟು ಸಲ ಗೆಲುವು ಅಂತ ಮಾರ್ಕೆಟ್ ಬೆಲೆನೇ ಹೇಳ್ತಿದೆ.

ಆದ್ರೆ ಇವ್ರು ಸುಮ್ನೆ ಕೂರ್ತಿರ್ಲಿಲ್ಲ. ಅರ್ಧ ಪ್ರೀಮಿಯಂ ಕರಗಿದ ಕೂಡ್ಲೆ, ಅಂದ್ರೆ 7 ಪಾಯಿಂಟ್ ಲಾಭ ಕಂಡ ತಕ್ಷಣ ಬುಕ್ ಮಾಡ್ತಿದ್ರು. ನಷ್ಟದಲ್ಲಿದ್ರೆ ಮಾತ್ರ ವಾಪಸ್ ಬರುತ್ತೆ ಅಂತ ಕಾಯ್ತಿದ್ರು, ಹೆಚ್ಚಿನ ಸಲ ಎಕ್ಸ್‌ಪೈರಿ ತನಕ. ಗೆಲುವಿಗೆ ಬಾಗ್ಲು ಹತ್ರ ಇಟ್ಟು ಸೋಲಿಗೆ ಬಾಗ್ಲು ದೂರ ಇಟ್ರೆ ವಿನ್ ರೇಟ್ ಏರ್ಲೇಬೇಕು, ಅದ್ರಲ್ಲಿ ಟ್ರೇಡರ್‌ನ ಜಾಣ್ಮೆ ಏನೂ ಬೇಕಾಗಿಲ್ಲ. 80% ಇರೋ ಸ್ಟ್ರಾಟೆಜಿ ಇಷ್ಟರಿಂದ್ಲೇ 90% ಆಗುತ್ತೆ.

ಈಗ ಲಾಗ್‌ಗೆ ಬರೋಣ. ಒಟ್ಟು 80 ಟ್ರೇಡ್. ಗೆದ್ದಿದ್ದು 72, ಸೋತಿದ್ದು 8. ಗೆದ್ದಾಗ ಸರಾಸರಿ 7.5 ಪಾಯಿಂಟ್ (ಹೆಚ್ಚಿನವು 7ಕ್ಕೇ ಮುಗಿದಿವೆ, ಕೆಲವು ಸ್ವಲ್ಪ ಮುಂದೆ ಹೋಗಿವೆ). ಸೋತ 8ರಲ್ಲಿ 5 ಪೂರ್ತಿ 86 ಹೊಡೆಸ್ಕೊಂಡಿವೆ, ಉಳಿದ 3ರಲ್ಲಿ 37, 52, 61 ಹೋಗಿದೆ. ಎಲ್ಲಾ ಸೇರ್ಸಿದ್ರೆ ನಷ್ಟ 580, ಸರಾಸರಿ 72.5. ಲಾಭದ ಕಡೆ 72 × 7.5 = 540. ಬ್ರೋಕರೇಜು ಸ್ಲಿಪೇಜು ಏನೂ ಕಳೀದೇನೇ 40 ಪಾಯಿಂಟ್ ಮೈನಸ್.

ಪೇಆಫ್ ರೇಶಿಯೋ ಅಂದ್ರೆ ಸರಾಸರಿ ಗೆಲುವನ್ನ ಸರಾಸರಿ ಸೋಲಿನಿಂದ ಭಾಗಿಸೋದು. ಇಲ್ಲಿ 7.5 ÷ 72.5, ಅಂದ್ರೆ 0.103. ಇಷ್ಟು ಗೊತ್ತಾದ್ರೆ ಸಾಕು, ನಷ್ಟ ಆಗ್ದೇ ಇರೋಕೆ ಕನಿಷ್ಠ ಎಷ್ಟು ಸಲ ಗೆಲ್ಬೇಕು ಅನ್ನೋದು ತಾನಾಗೇ ಬರುತ್ತೆ:

```
ಬ್ರೇಕ್‌ಈವನ್ ವಿನ್ ರೇಟ್ = 1 ÷ (1 + ಪೇಆಫ್ ರೇಶಿಯೋ)
                        = 1 ÷ 1.103
                        = 90.6%
```

ಇವ್ರದ್ದು 90%. ಅಂದ್ರೆ ಕೇಳೋಕೆ ಅಷ್ಟು ಚೆಂದ ಇರೋ ಈ ನಂಬರ್, ಇದೇ ಸ್ಟ್ರಾಟೆಜಿಗೆ ಬೇಕಾಗಿರೋ ಕನಿಷ್ಠ ಮಟ್ಟಕ್ಕಿಂತ ಕೆಳಗಿದೆ. 90% ಅನ್ನೋದು ಜಾಸ್ತಿನಾ ಕಮ್ಮಿನಾ ಅಂತ ಅದೊಂದನ್ನೇ ನೋಡಿ ಹೇಳೋಕೆ ಆಗಲ್ಲ, ಪಕ್ಕದಲ್ಲಿ ಪೇಆಫ್ ರೇಶಿಯೋ ಇಟ್ರೆ ಮಾತ್ರ ಅದಕ್ಕೆ ಅರ್ಥ ಬರೋದು. ಪೇಆಫ್ 1 ಇರೋ ಕಡೆ 55% ಗೆದ್ರೂ ದುಡ್ಡಾಗುತ್ತೆ, ಪೇಆಫ್ 0.1 ಇರೋ ಕಡೆ 90% ಸಾಲಲ್ಲ.

ಇನ್ನು ಖರ್ಚು. ಒಂದು ಸ್ಪ್ರೆಡ್ ಅಂದ್ರೆ ಎರಡು ಲೆಗ್, ಒಳಗೆ ಹೋಗೋವಾಗ ಎರಡು ಆರ್ಡರ್, ಹೊರಗೆ ಬರೋವಾಗ ಎರಡು. ಪ್ರತಿ ಲೆಗ್‌ನಲ್ಲೂ ಬಿಡ್-ಆಸ್ಕ್ ಅಂತರ, ಮೇಲೆ ಚಾರ್ಜುಗಳು. ಸ್ಟೇಟ್‌ಮೆಂಟ್‌ನಿಂದ ಲೆಕ್ಕ ತೆಗೆದಾಗ ಟ್ರೇಡ್‌ಗೆ ಸರಾಸರಿ 1.5 ಪಾಯಿಂಟ್ ಬಂತು. 14ರ ಪಕ್ಕ ಇಟ್ರೆ ಒಂದೂವರೆ ದೊಡ್ಡದಾಗಿ ಕಾಣಲ್ಲ, ಆದ್ರೆ ಇವ್ರು ತಗೊಳ್ತಿರೋದು 14 ಅಲ್ವಲ್ಲ, ಏಳೂವರೆ. ಅದ್ರಲ್ಲಿ ಐದನೇ ಒಂದು ಭಾಗ ಖರ್ಚಿಗೇ ಹೋಯ್ತು. ಈಗ ಗೆದ್ರೆ 6, ಸೋತ್ರೆ 74. ಬ್ರೇಕ್‌ಈವನ್ 74 ÷ 80, ಅಂದ್ರೆ 92.5%. ಪ್ರತಿ ಟ್ರೇಡ್‌ಗೆ ಸರಾಸರಿ ಎಷ್ಟು ಬರುತ್ತೆ ಅನ್ನೋದೇ ಎಕ್ಸ್‌ಪೆಕ್ಟೆನ್ಸಿ:

```
ಎಕ್ಸ್‌ಪೆಕ್ಟೆನ್ಸಿ = (0.90 × 6) − (0.10 × 74)
              = 5.4 − 7.4
              = −2.0 ಪಾಯಿಂಟ್, ಪ್ರತಿ ಟ್ರೇಡ್‌ಗೆ
```

80 ಟ್ರೇಡ್‌ಗೆ 160 ಪಾಯಿಂಟ್ ಮೈನಸ್. ಒಂದು ಲಾಟ್ ಲೆಕ್ಕದಲ್ಲಿ ಸ್ಟೇಟ್‌ಮೆಂಟಲ್ಲೂ ಇದೇ ಇತ್ತು.

ಇದನ್ನ ಇನ್ನೊಂದು ಥರ ನೋಡ್ಬಹುದು, ನಂಗೆ ಇದೇ ಹೆಚ್ಚು ಇಷ್ಟ ಯಾಕಂದ್ರೆ ಶೇಕಡಾ ಲೆಕ್ಕದಲ್ಲಿ ಕಣ್ಣಿಗೆ ಬೀಳದೇ ಇರೋದು ಇಲ್ಲಿ ಬೀಳುತ್ತೆ. ಒಂದು ಸೋಲು ಎಷ್ಟು ಗೆಲುವನ್ನ ತಿಂದಾಕುತ್ತೆ? 74 ÷ 6, ಅಂದ್ರೆ 12ಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಸೋಲಿಗೆ ಎಷ್ಟು ಗೆಲುವು ಸಿಗ್ತಿದೆ? 72 ÷ 8, ಅಂದ್ರೆ 9. ಹನ್ನೆರಡು ತಿನ್ನೋ ಕಡೆ ಒಂಬತ್ತು ಬೆಳೀತಿದೆ, ಅಷ್ಟೇ ವಿಷ್ಯ.

ಹಾಗಾದ್ರೆ ಅವ್ರಿಗೆ ಇದು ಯಾಕೆ ಕಾಣ್ಲಿಲ್ಲ? ಲೆಕ್ಕ ಬರ್ದೇ ಇರೋರೇನಲ್ಲ ಅವ್ರು, ಶೀಟ್ ತುಂಬಾ ನೀಟಾಗಿತ್ತು. ನನ್ನ ಪ್ರಕಾರ ಇಡೀ ಕೇಸಲ್ಲಿ ಕಲಿಯೋಕೆ ಹೆಚ್ಚಿರೋದು ಇಲ್ಲೇ.

ಶೀಟಲ್ಲಿ 93.5% ಅಂತ ಇತ್ತು, ನಾನು ಸ್ಟೇಟ್‌ಮೆಂಟ್‌ನಿಂದ ಎಣಿಸಿದಾಗ 90% ಬಂತು. ವ್ಯತ್ಯಾಸ ಎಲ್ಲಿಂದ ಅಂತ ಹುಡುಕಿದ್ರೆ, ಆ 37, 52, 61 ನಷ್ಟದ ಮೂರು ಟ್ರೇಡ್ ಇವೆಯಲ್ಲ, ಅವನ್ನ ಅವ್ರು ರೋಲ್ ಮಾಡಿದ್ರು. ಹಳೇ ಸ್ಪ್ರೆಡ್ ನಷ್ಟದಲ್ಲಿ ಕಟ್ ಮಾಡಿ ಮುಂದಿನ ವಾರದ ಹೊಸ ಸ್ಪ್ರೆಡ್ ಮಾರಿ, ಹೊಸದನ್ನ ಹೊಸ ಸಾಲಾಗಿ ಬರ್ದು, ಹಳೇದನ್ನ ಪಕ್ಕದ ನೋಟ್ ಕಾಲಂನಲ್ಲಿ 'ಅಡ್ಜಸ್ಟ್‌ಮೆಂಟ್' ಅಂತ ಹಾಕಿ ಬಿಟ್ಟಿದ್ರು. ಹೊಸದು ಗೆದ್ದಾಗ ಅದು ಗೆಲುವಿನ ಲೆಕ್ಕಕ್ಕೆ ಸೇರ್ತು, ಹಳೇದು ಯಾವ ಲೆಕ್ಕಕ್ಕೂ ಸೇರ್ಲಿಲ್ಲ. ಹಾಗಾಗಿ 80ರ ಬದ್ಲು 77, ಸೋಲು 8ರ ಬದ್ಲು 5. ರೋಲ್ ಮಾಡೋದು ತಪ್ಪು ಅಂತಲ್ಲ, ಆದ್ರೆ ಕಟ್ ಮಾಡಿದ ಲೆಗ್‌ನಿಂದ ಹೋದ ದುಡ್ಡು ಹೋಗಿದ್ದೇ. ಹೊಸ ಸ್ಪ್ರೆಡ್‌ನ ಕ್ರೆಡಿಟ್ ಇವತ್ತು ಹೊಸದಾಗಿ ಬಂದ ಯಾರಿಗಾದ್ರೂ ಸಿಗ್ತಿತ್ತು, ಅದಕ್ಕೂ ಹಳೇ ನಷ್ಟಕ್ಕೂ ಸಂಬಂಧ ಇಲ್ಲ.

ಎರಡನೇದು, ನಷ್ಟಗಳು ಬಂದ ಕ್ರಮ. ಮೊದಲ 20 ಟ್ರೇಡ್ ಎಲ್ಲಾ ಗೆಲುವು. ನಿಜವಾದ ಗೆಲುವಿನ ಸಾಧ್ಯತೆ 90% ಇರೋ ಯಾರಿಗಾದ್ರೂ 20 ಸಲ ಸತತ ಗೆಲ್ಲೋ ಅವಕಾಶ 0.9ರ 20ನೇ ಘಾತ, ಸುಮಾರು 12%. ಅಂದ್ರೆ ಇದೇ ಸೋಲೋ ಸ್ಟ್ರಾಟೆಜಿನ ಎಂಟು ಜನ ಶುರು ಮಾಡಿದ್ರೆ ಅದ್ರಲ್ಲಿ ಒಬ್ರಿಗೆ ಮೊದಲ 20ರಲ್ಲಿ ಒಂದೂ ಸೋಲು ಇರಲ್ಲ. 40 ಟ್ರೇಡ್ ಮುಗ್ದಾಗ ಇವ್ರದ್ದು 38 ಗೆಲುವು, 2 ಸೋಲು, ಆ ಎರಡೂ ಚಿಕ್ಕವು, 37 ಮತ್ತು 52. ಖರ್ಚೆಲ್ಲಾ ಕಳೆದು ಅಕೌಂಟ್ 136 ಪಾಯಿಂಟ್ ಪ್ಲಸ್. ಅವ್ರ ಶೀಟಲ್ಲಂತೂ ಆ ಎರಡೂ ಅಡ್ಜಸ್ಟ್‌ಮೆಂಟ್ ಆಗಿದ್ರಿಂದ ಅಲ್ಲಿವರೆಗೆ ವಿನ್ ರೇಟ್ 100%. 90% ಸ್ಟ್ರಾಟೆಜಿಲಿ 40 ಟ್ರೇಡ್‌ಗೆ ಎರಡು ಅಥ್ವಾ ಅದಕ್ಕಿಂತ ಕಮ್ಮಿ ಸೋಲು ಬರೋ ಸಾಧ್ಯತೆ ಲೆಕ್ಕ ಹಾಕಿದ್ರೆ 22% ಬರುತ್ತೆ, ಐದರಲ್ಲಿ ಒಂದಕ್ಕಿಂತ ಜಾಸ್ತಿ, ಅಂದ್ರೆ ಅಪರೂಪವೇ ಅಲ್ಲ.

ಆಮೇಲೆ ಅವ್ರು ಲಾಟ್ ಡಬಲ್ ಮಾಡಿದ್ರು. ನೂರಕ್ಕೆ ನೂರು ಗೆಲುವು ಕಾಣ್ತಿದ್ರೆ ಯಾರಾದ್ರೂ ಮಾಡ್ತಾರೆ, ಅದಕ್ಕೆ ಅವ್ರನ್ನ ದೂರೋಕೆ ನಂಗೆ ಮನಸ್ಸಿಲ್ಲ. ಮುಂದಿನ 40ರಲ್ಲಿ 34 ಗೆಲುವು, 6 ಸೋಲು, ಆ ಆರರಲ್ಲಿ ಐದು ಪೂರ್ತಿ 86. ಒಂದು ಲಾಟ್‌ಗೆ 296 ಮೈನಸ್, ಎರಡು ಲಾಟ್ ಇದ್ದಿದ್ರಿಂದ 592. ಮೊದಲಿನ 136 ಕಳೆದ್ರೆ ಅಕೌಂಟಲ್ಲಿ ನಿಜವಾಗ್ಲೂ ಹೋಗಿದ್ದು 456 ಪಾಯಿಂಟ್. ವಿನ್ ರೇಟ್ ಪ್ರತಿ ಟ್ರೇಡನ್ನೂ ಒಂದೇ ಅಂತ ಎಣಿಸುತ್ತೆ, ಎಷ್ಟು ಲಾಟ್ ಇತ್ತು ಅಂತ ಕೇಳಲ್ಲ. ಸಣ್ಣ ಸೈಜಲ್ಲಿ ಗೆದ್ದು ದೊಡ್ಡ ಸೈಜಲ್ಲಿ ಸೋತ್ರೂ ಶೇಕಡಾ ಬದ್ಲಾಗಲ್ಲ. ಹಾಗಾಗಿ ಎಕ್ಸ್‌ಪೆಕ್ಟೆನ್ಸಿನ ಒಂದು ಲಾಟ್ ಲೆಕ್ಕದಲ್ಲೂ ತೆಗೀಬೇಕು, ಅಕೌಂಟಿನ ದುಡ್ಡಿನ ಲೆಕ್ಕದಲ್ಲೂ ತೆಗೀಬೇಕು, ಎರಡರ ಮಧ್ಯೆ ಅಂತರ ಇದ್ರೆ ಸೈಜ್ ಬದ್ಲಾಯ್ಸಿದ ಕಡೆ ಹೋಗಿ ನೋಡ್ಬೇಕು.

ಇನ್ನೊಂದು ಇದೆ, ಮೇಲಿನ 12%, 22% ಎಲ್ಲಾ ಟ್ರೇಡ್‌ಗಳು ಒಂದಕ್ಕೊಂದು ಸಂಬಂಧ ಇಲ್ದೇ ಇದ್ರೆ ಮಾತ್ರ ಸರಿ. ಇವ್ರು ವಾರಕ್ಕೆ ಎರಡು ಸ್ಪ್ರೆಡ್ ಹಾಕ್ತಿದ್ರು, ಮೊದಲ್ನೇದು ಮುಗಿಯೋ ಮುಂಚೆ ಎರಡನೇದು ಓಪನ್ ಇರ್ತಿತ್ತು, ಮಾರ್ಕೆಟ್ ಒಂದೇ ಸಲ ಬಿದ್ದಾಗ ಎರಡೂ ಒಟ್ಟಿಗೇ ಹೊಡೆತ ತಿಂತಿದ್ವು. ಐದು ಪೂರ್ತಿ ನಷ್ಟದಲ್ಲಿ ನಾಲ್ಕು ಇಂಥಾ ಎರಡು ಜೋಡಿ. ಪ್ರೀಮಿಯಂ ಮಾರೋರ ನಷ್ಟ ಸಾಮಾನ್ಯವಾಗಿ ಹೀಗೇ ಗುಂಪಾಗೇ ಬರುತ್ತೆ, ಮಧ್ಯದಲ್ಲಿ ತಿಂಗಳುಗಟ್ಲೆ ಏನೂ ಇರಲ್ಲ. 2018ರ ಫೆಬ್ರವರಿ 5ರಂದು ಅಮೆರಿಕದ ಮಾರ್ಕೆಟ್ ಏರಿಳಿತದ ಸೂಚ್ಯಂಕ ವಿಕ್ಸ್ 17ರಿಂದ 37ಕ್ಕೆ ಒಂದೇ ದಿನದಲ್ಲಿ ಹಾರಿದಾಗ, ವರ್ಷಗಟ್ಲೆ ಏರ್ಕೊಂಡು ಬಂದಿದ್ದ ಎಕ್ಸ್‌ಐವಿ ಅನ್ನೋ ಶಾರ್ಟ್ ವೊಲಾಟಿಲಿಟಿ ಪ್ರಾಡಕ್ಟ್ 90%ಗಿಂತ ಹೆಚ್ಚು ಬೆಲೆ ಕಳ್ಕೊಂಡು ಮುಚ್ಚೇ ಹೋಯ್ತು. ಅದ್ರ ಹಿಂದಿನ ದಿನದವರೆಗಿನ ದಾಖಲೆ ನೋಡಿದ್ರೆ ಯಾರಿಗೂ ಅಂಥಾ ದಿನ ಅದ್ರಲ್ಲಿ ಕಾಣ್ತಿರ್ಲಿಲ್ಲ.

ಲೆಕ್ಕ ನೋಡಿದ್ಮೇಲೆ ಅವ್ರು ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ಸ್ಟಾಪ್‌ಲಾಸ್ ಹಾಕ್ಬಿಟ್ರೆ ಸರಿ ಹೋಗುತ್ತಲ್ವಾ?" ಸಹಜವಾದ ಪ್ರಶ್ನೆ, ಅದ್ರದ್ದೂ ಲೆಕ್ಕ ಹಾಕಿದ್ವಿ. ಸ್ಪ್ರೆಡ್ ಬೆಲೆ 14ರಿಂದ 28 ಆದಾಗ ಹೊರಗೆ, ಅಂದ್ರೆ ನಷ್ಟ 14, ಲಾಭ ಹಳೇ ಥರ 7ಕ್ಕೆ. ಪೇಆಫ್ ರೇಶಿಯೋ 0.1ರಿಂದ 0.5ಕ್ಕೆ ಬಂತು, ಭಾರಿ ಸುಧಾರಣೆ ಅನ್ಸುತ್ತೆ. ಆದ್ರೆ 14ಕ್ಕೆ ಮಾರಿದ ಸ್ಪ್ರೆಡ್‌ನ ಬೆಲೆ ಸರಿಯಾಗೇ ಇದ್ರೆ, ಅದು 28 ಮುಟ್ಟೋ ಮುಂಚೆ 7 ಮುಟ್ಟೋ ಸಾಧ್ಯತೆ ಮೂರರಲ್ಲಿ ಎರಡು, ಸುಮಾರು 66.7%. ಖರ್ಚು ಸೇರ್ಸಿದ್ರೆ ಗೆದ್ರೆ 5.5, ಸೋತ್ರೆ 15.5, ಬ್ರೇಕ್‌ಈವನ್ 73.8%. ಎಕ್ಸ್‌ಪೆಕ್ಟೆನ್ಸಿ ಹಾಕಿ ನೋಡಿ, 3.67 − 5.17 = −1.5. ಅಂದ್ರೆ ಕರೆಕ್ಟಾಗಿ ಖರ್ಚಿನಷ್ಟೇ ಮೈನಸ್.

ಸ್ಟಾಪ್ ಇಲ್ದೇ, ಟಾರ್ಗೆಟ್ ಇಲ್ದೇ ಎಕ್ಸ್‌ಪೈರಿ ತನಕ ಕೂತ್ರೂ ಇದೇ ಕಥೆ. ಗೆಲುವು 81% ಹತ್ರ, ಗೆದ್ದಾಗ 14, ಸೋತಾಗ ಸರಾಸರಿ 60ರ ಆಸುಪಾಸು, ಎರಡೂ ಕಡೆ 11.4 ಬಂದು ಸೊನ್ನೆ ಆಗುತ್ತೆ, ಖರ್ಚು ಕಳೆದ್ರೆ ಮೈನಸ್. (ಇಲ್ಲಿ ಖರ್ಚು ಸ್ವಲ್ಪ ಕಮ್ಮಿ, ಯಾಕಂದ್ರೆ ಸೊನ್ನೆಗೆ ಎಕ್ಸ್‌ಪೈರ್ ಆದ ಲೆಗ್‌ಗೆ ಹೊರಗೆ ಬರೋ ಆರ್ಡರ್ ಬೇಕಾಗಲ್ಲ.) ಸ್ಟಾಪ್ ಮತ್ತು ಟಾರ್ಗೆಟ್ ಎಲ್ಲಿ ಇಡ್ತೀವಿ ಅನ್ನೋದು ವಿನ್ ರೇಟನ್ನ ಏರ್ಸಿದಷ್ಟೂ ಪೇಆಫನ್ನ ಇಳಿಸುತ್ತೆ, ಪೇಆಫ್ ಏರ್ಸಿದ್ರೆ ವಿನ್ ರೇಟ್ ಇಳಿಯುತ್ತೆ. ಎರಡೂ ಸೇರಿ ಬರೋ ಎಕ್ಸ್‌ಪೆಕ್ಟೆನ್ಸಿ ಅಲ್ಲೇ ಇರುತ್ತೆ. ಸ್ಟಾಪ್‌ನಿಂದ ಸಿಗೋದು ಒಂದೊಂದು ನಷ್ಟದ ಗಾತ್ರ ಚಿಕ್ಕದಾಗೋದು, ಅದು ಅಕೌಂಟ್ ಉಳಿಸ್ಕೊಳ್ಳೋಕೆ ಒಳ್ಳೇದೇ, ಆದ್ರೆ ಅಷ್ಟರಿಂದ್ಲೇ ಮೈನಸ್ ಪ್ಲಸ್ ಆಗಲ್ಲ. ಮೇಲಾಗಿ ಮಾರ್ಕೆಟ್ ಗ್ಯಾಪ್‌ನಲ್ಲಿ ಓಪನ್ ಆದ್ರೆ 28ರ ಸ್ಟಾಪ್ 45ಕ್ಕೆ ಫಿಲ್ ಆಗುತ್ತೆ, ನಷ್ಟ 14 ಅಂತ ಅಂದ್ಕೊಂಡಿದ್ದು 31 ಆಗುತ್ತೆ.

ಹಾಗಾದ್ರೆ ಪ್ಲಸ್ ಎಲ್ಲಿಂದ ಬರ್ಬೇಕು? ಮಾರಿದ ಬೆಲೆ ನಿಜವಾದ ಬೆಲೆಗಿಂತ ಜಾಸ್ತಿ ಇದ್ರೆ ಮಾತ್ರ. ಇಂಡೆಕ್ಸ್ ಆಪ್ಶನ್‌ಗಳಲ್ಲಿ ಇಂಪ್ಲೈಡ್ ವೊಲಾಟಿಲಿಟಿ, ಅಂದ್ರೆ ಆಪ್ಶನ್ ಬೆಲೆ ಸೂಚಿಸೋ ಏರಿಳಿತ, ಸರಾಸರಿಯಲ್ಲಿ ಆಮೇಲೆ ನಿಜವಾಗಿ ಆಗೋ ರಿಯಲೈಸ್ಡ್ ವೊಲಾಟಿಲಿಟಿಗಿಂತ ಮೇಲಿರುತ್ತೆ, ಸೆಲ್ಲರ್‌ಗೆ ಸಿಗೋ ಎಡ್ಜ್ ಅಂದ್ರೆ ಅದೇ. ಅದು ಎಷ್ಟು ಅಂತ ಇದೇ ಸ್ಪ್ರೆಡ್‌ನಲ್ಲಿ ನೋಡೋಣ. 9,800 ಪುಟ್‌ನ ಇಂಪ್ಲೈಡ್ 17.5%, 9,700ರದ್ದು 18% ಇದ್ದಾಗ 14 ಕ್ರೆಡಿಟ್ ಬಂತು. ಮುಂದೆ ಮಾರ್ಕೆಟ್ ನಿಜವಾಗ್ಲೂ 15% ವೊಲಾಟಿಲಿಟಿಲಿ ಆಡಿದ್ರೆ ಈ ಸ್ಪ್ರೆಡ್‌ನ ನ್ಯಾಯವಾದ ಬೆಲೆ ಸುಮಾರು 11.7. ಎಡ್ಜ್ 2.3, ಖರ್ಚು 1.5 ಹೋದ್ರೆ ಉಳಿಯೋದು 0.8. ಅದೇ 16%ರಲ್ಲಿ ಆಡಿದ್ರೆ ನ್ಯಾಯವಾದ ಬೆಲೆ ಸುಮಾರು 13.2, ಎಡ್ಜ್ 0.8 ಮಾತ್ರ, ಖರ್ಚು ಕಳೆದ್ರೆ ಮೈನಸ್ 0.7. ಅಂದ್ರೆ ಇಂಪ್ಲೈಡ್‌ಗಿಂತ ಒಂದೂವರೆ ಪಾಯಿಂಟ್ ಕಮ್ಮಿ ವೊಲಾಟಿಲಿಟಿ ಬಂದ್ರೂ, ಅಂದ್ರೆ ಸೆಲ್ಲರ್‌ನ ಅಂದಾಜು ಸರಿಯಾಗಿದ್ರೂನೂ, ದುಡ್ಡು ಆಗಲ್ಲ. ಸ್ಪ್ರೆಡ್‌ನಲ್ಲಿ ಎಡ್ಜ್ ಇಷ್ಟು ಸಣ್ಣದಾಗೋಕೆ ಕಾರಣ ಮಾರಿದ ಪುಟ್‌ನ ಎಡ್ಜ್‌ನಲ್ಲಿ ಹೆಚ್ಚಿನ ಭಾಗವನ್ನ ಕೊಂಡ ಪುಟ್ ತಿಂದಾಕೋದು, ಮೇಲಾಗಿ ನಾವು ಮಾರೋ ಪುಟ್‌ಗಿಂತ ಕೊಳ್ಳೋ ಪುಟ್ ಇನ್ನೂ ದುಬಾರಿ ವೊಲಾಟಿಲಿಟಿಲಿ ಸಿಗೋದು. ಜೊತೆಗೆ ಆ 2.3 ಎಡ್ಜ್ ಎಕ್ಸ್‌ಪೈರಿ ತನಕ ಇದ್ರೆ ಸಿಗೋದು, 7ಕ್ಕೆ ಬುಕ್ ಮಾಡಿ ಬೇಗ ಹೊರಗೆ ಬಂದ್ರೆ ಅದ್ರಲ್ಲಿ ಒಂದು ಭಾಗ ಮಾತ್ರ ನಮ್ದು, ಖರ್ಚು ಮಾತ್ರ ಪೂರ್ತಿ ನಮ್ದೇ.

ಈ ಲಾಗ್‌ನಿಂದ ಎಷ್ಟು ಹೇಳ್ಬಹುದು, ಎಷ್ಟು ಹೇಳೋಕೆ ಆಗಲ್ಲ ಅನ್ನೋದೂ ಮುಖ್ಯ. 80 ಟ್ರೇಡ್‌ನಲ್ಲಿ 90% ಕಂಡ್ರೆ ಅದ್ರ ಸ್ಟ್ಯಾಂಡರ್ಡ್ ಎರರ್ ಸುಮಾರು 3.4 ಶೇಕಡಾ ಪಾಯಿಂಟ್. ನಿಜವಾದದ್ದು 87 ಇರ್ಬಹುದು, 93 ಇರ್ಬಹುದು. ಇವ್ರ ಪೇಆಫ್‌ನಲ್ಲಿ 95% ನಿಜ ಆಗಿದ್ರೆ ಎಕ್ಸ್‌ಪೆಕ್ಟೆನ್ಸಿ 5.7 − 3.7 = +2, 90% ನಿಜ ಆಗಿದ್ರೆ −2. ಒಂದೊಂದು ಶೇಕಡಾಗೂ 0.8 ಪಾಯಿಂಟ್ ಆಚೀಚೆ ಆಗುತ್ತೆ. ಅಂದ್ರೆ ಲಾಭ-ನಷ್ಟ ನಿರ್ಧಾರ ಆಗೋ ಅಷ್ಟೂ ಜಾಗ ಅಳತೆಯ ಎರರ್ ಒಳಗೇ ಕೂತಿದೆ. ಹಾಗಾಗಿ ಈ ಸ್ಟ್ರಾಟೆಜಿ ಖಂಡಿತ ಸೋಲುತ್ತೆ ಅಂತ ನಾನು 80 ಟ್ರೇಡ್ ನೋಡಿ ಹೇಳಲ್ಲ, ಆದ್ರೆ 93.5% ನೋಡಿ ಇದು ಗೆಲ್ಲುತ್ತೆ ಅಂತ ಯಾರೂ ಹೇಳೋ ಹಾಗಿಲ್ಲ. ಮತ್ತೆ ಸರಾಸರಿ ನಷ್ಟ ಅಂತ ನಾವು ಹಾಕಿರೋ 72.5 ಬರೀ 8 ಟ್ರೇಡ್‌ನಿಂದ ಬಂದಿದ್ದು, ಅದು ವಿನ್ ರೇಟ್‌ಗಿಂತ್ಲೂ ಅಲುಗಾಡೋ ನಂಬರ್. ಇಲ್ಲಿ ಸ್ಪ್ರೆಡ್ ಆಗಿರೋದ್ರಿಂದ 86ಕ್ಕೆ ಒಂದು ಗೋಡೆ ಇದೆ. ಕೆಳಗಿನ ಪುಟ್ ಕೊಳ್ಳದೇ ಬರೀ ಮಾರೋ ನೇಕೆಡ್ ಸೆಲ್ಲಿಂಗ್‌ನಲ್ಲಿ ಆ ಗೋಡೆ ಇಲ್ಲ, ಹಾಗಾಗಿ ಇದುವರೆಗೆ ಕಂಡಿರೋ ಸರಾಸರಿ ನಷ್ಟ ನಿಜವಾದ ಸರಾಸರಿಗಿಂತ ಕಮ್ಮಿ ಇರೋ ಸಾಧ್ಯತೆನೇ ಜಾಸ್ತಿ, ದೊಡ್ಡ ದಿನ ಇನ್ನೂ ಲಾಗ್‌ಗೆ ಬಂದಿಲ್ಲ ಅಂತ ಇಟ್ಕೋಬೇಕು.

ಸದ್ಯಕ್ಕೆ ಅವ್ರು ಮೂರು ಬದಲಾವಣೆ ಮಾಡ್ಕೊಂಡಿದಾರೆ. ರೋಲ್ ಮಾಡಿದ್ರೂ ಹಳೇ ಸ್ಪ್ರೆಡ್ ನಷ್ಟದ ಸಾಲಾಗೇ ಶೀಟಲ್ಲಿ ಬರುತ್ತೆ. ವಿನ್ ರೇಟ್ ಕಾಲಂ ಪಕ್ಕದಲ್ಲೇ ಖರ್ಚು ಕಳೆದ ಬ್ರೇಕ್‌ಈವನ್ ಕಾಲಂ ಇದೆ, ಪ್ರತಿ ಟ್ರೇಡ್ ಆದ್ಮೇಲೂ ಅದು ಹೊಸದಾಗಿ ಲೆಕ್ಕ ಆಗುತ್ತೆ. ಮತ್ತೆ ಟ್ರೇಡ್‌ಗೆ ಹೋಗೋ ಮುಂಚೆ ತಮ್ಮ ವೊಲಾಟಿಲಿಟಿ ಅಂದಾಜಿನಲ್ಲಿ ಸ್ಪ್ರೆಡ್‌ನ ಬೆಲೆ ಎಷ್ಟು ಅಂತ ಬರ್ದಿಟ್ಟು, ಸಿಗ್ತಿರೋ ಕ್ರೆಡಿಟ್ ಅದಕ್ಕಿಂತ 3 ಪಾಯಿಂಟ್ ಆದ್ರೂ ಜಾಸ್ತಿ ಇದ್ರೆ ಮಾತ್ರ ಮಾರ್ತಾರೆ, ಅಂದ್ರೆ ಖರ್ಚಿನ ಎರಡರಷ್ಟು. ವಾರಕ್ಕೆ ಎರಡು ಹಾಕ್ತಿದ್ದೋರಿಗೆ ಈಗ ಎಷ್ಟೋ ವಾರ ಒಂದೂ ಸಿಗಲ್ಲ. ಲಾಟ್ ವಾಪಸ್ ಒಂದಕ್ಕೆ ಇಳಿಸಿದಾರೆ, ಹೊಸ ಲಾಗ್ ಇನ್ನೂ ಚಿಕ್ಕದು, ಅದ್ರ ವಿನ್ ರೇಟ್ ಎಷ್ಟು ಅಂತ ನಾನೂ ಕೇಳಿಲ್ಲ, ಅವ್ರೂ ಹೇಳಿಲ್ಲ, ಕ್ರೆಡಿಟ್‌ಗೂ ಅಂದಾಜು ಬೆಲೆಗೂ ಮಧ್ಯದ ಅಂತರ ಮಾತ್ರ ಪ್ರತಿ ಸಲ ಕಳಿಸ್ತಾರೆ.